ಅಧಿಕಾರಿಯ ನೇಮಕ ರದ್ದಾದರೆ ನಿಮ್ಮ ಕ್ರಯಪತ್ರದ ಗತಿ ಏನು? ‘ಡಿ ಫ್ಯಾಕ್ಟೋ’ ನಿಯಮ ಹೇಳೋದಿಷ್ಟು

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಂಗಡಿ ಮಳಿಗೆಯ ಕ್ರಯಪತ್ರ ನೋಂದಣಿ ಆಗಿರುತ್ತದೆ. ಎರಡು ವರ್ಷದ ಮೇಲೆ, ಅಂದು ಸಹಿ ಹಾಕಿದ ಅಧಿಕಾರಿಯ ನೇಮಕವೇ ನಿಯಮಬಾಹಿರ ಅಂತ ಕೋರ್ಟ್ ರದ್ದು ಮಾಡುತ್ತದೆ. ಹಾಗಾದರೆ ಆ ಪತ್ರವೂ ಬಿದ್ದುಹೋಯಿತೇ? ಇಲ್ಲ. ಇದಕ್ಕೆ ಕಾನೂನಿನಲ್ಲಿ ‘ಡಿ ಫ್ಯಾಕ್ಟೋ ಅಧಿಕಾರಿ’ ನಿಯಮ ಎನ್ನುತ್ತಾರೆ.

ಏನಿದು ನಿಯಮ?

ಕ್ರಮಬದ್ಧವಾಗಿ ನೇಮಕಗೊಂಡವರು ‘ಡಿ ಜೂರೆ’ ಅಧಿಕಾರಿ, ಅಂದರೆ ಕಾನೂನಿನ ಪ್ರಕಾರ ಅಧಿಕಾರಿ. ನೇಮಕದಲ್ಲಿ ದೋಷವಿದ್ದರೂ ಸರ್ಕಾರಿ ಆದೇಶದ ಮೇಲೆಯೇ ಕುರ್ಚಿಯಲ್ಲಿ ಕೂತು, ಎಲ್ಲರ ಕಣ್ಣೆದುರು ಕೆಲಸ ಮಾಡಿದವರು ‘ಡಿ ಫ್ಯಾಕ್ಟೋ’ ಅಧಿಕಾರಿ. ನೇಮಕ ರದ್ದಾಗುವ ಮೊದಲು ಇಂಥವರು ಹುದ್ದೆಯ ಅಧಿಕಾರದೊಳಗೆ ಮಾಡಿದ ಕೆಲಸ, ನೇಮಕದ ದೋಷವೊಂದರಿಂದಲೇ ಬಿದ್ದುಹೋಗುವುದಿಲ್ಲ.

ಕಾರಣ ಸರಳ. ಕೌಂಟರ್ ಮುಂದೆ ನಿಂತ ಜನ ‘ನಿಮ್ಮ ನೇಮಕಾತಿ ಆದೇಶ ತೋರಿಸಿ, ಅದು ಸರಿ ಇದೆಯಾ ನೋಡ್ತೀನಿ’ ಅಂತ ಅಧಿಕಾರಿಯನ್ನು ಕೇಳೋಕಾಗಲ್ಲ. ಈ ರಕ್ಷಣೆ ಇರುವುದು ಅಧಿಕಾರಿಗಲ್ಲ, ಅವರನ್ನು ನಂಬಿ ವ್ಯವಹಾರ ಮಾಡಿದ ಜನರಿಗೆ.

1981ರ ತೀರ್ಪು

ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖಿಸುವ ತೀರ್ಪು, ಗೋಕರಾಜು ರಂಗರಾಜು ವಿರುದ್ಧ ಆಂಧ್ರಪ್ರದೇಶ ಸರ್ಕಾರ ಪ್ರಕರಣದ್ದು. ಆಂಧ್ರದ ಕೆಲವು ಸೆಷನ್ಸ್ ನ್ಯಾಯಾಧೀಶರ ನೇಮಕವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. ಜಿಲ್ಲಾ ನ್ಯಾಯಾಧೀಶರ ನೇಮಕಕ್ಕೆ ಸಂವಿಧಾನದ 233ನೇ ವಿಧಿ ಹೇಳುವ ಕ್ರಮ ಪಾಲನೆ ಆಗಿಲ್ಲ ಎಂಬುದು ಅದಕ್ಕೆ ಕಾರಣ. ಅಷ್ಟರಲ್ಲಿ ಆ ನ್ಯಾಯಾಧೀಶರು ಎಷ್ಟೋ ಪ್ರಕರಣಗಳಲ್ಲಿ ತೀರ್ಪು ಕೊಟ್ಟಾಗಿತ್ತು. ‘ನ್ಯಾಯಾಧೀಶರೇ ಅಲ್ಲದವರು ಕೊಟ್ಟ ತೀರ್ಪು ನಮ್ಮ ಮೇಲೆ ಹೇಗೆ ನಡೆಯುತ್ತದೆ?’ ಎಂಬ ವಾದ ಎದ್ದಿತು.

ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಬರೆದ ತೀರ್ಪು ಆ ವಾದವನ್ನು ಒಪ್ಪಲಿಲ್ಲ. ಆ ನ್ಯಾಯಾಧೀಶರು ದಾರಿಯಲ್ಲಿ ಹೋಗುವಾಗ ಬಂದು ಕುರ್ಚಿ ಹಿಡಿದವರಲ್ಲ, ನೇಮಕದ ಆದೇಶದ ಮೇಲೆ ಕೂತವರು; ಆದ್ದರಿಂದ ಅವರ ತೀರ್ಪುಗಳು ಸಿಂಧು ಎಂದು ಕೋರ್ಟ್ ಹೇಳಿತು. ಜೊತೆಗೆ ಇನ್ನೊಂದು ಮಾತು: ನೇಮಕವನ್ನು ಪ್ರಶ್ನಿಸುವುದಾದರೆ ಅದಕ್ಕೆಂದೇ ನೇರವಾಗಿ ಪ್ರಶ್ನಿಸಬೇಕು. ಬೇರೆ ಪ್ರಕರಣದಲ್ಲಿ ಸೋತ ಮೇಲೆ, ಮೇಲ್ಮನವಿಯಲ್ಲಿ ಅದನ್ನು ಅಡ್ಡದಾರಿಯಿಂದ ಎತ್ತುವಂತಿಲ್ಲ.

ನೋಂದಣಿಗೆ ಪ್ರತ್ಯೇಕ ಸೆಕ್ಷನ್

ಆಸ್ತಿ ಪತ್ರಗಳ ವಿಷಯದಲ್ಲಿ ಇದು ಬರೀ ತೀರ್ಪಿನ ಮಾತಲ್ಲ. 1908ರ ನೋಂದಣಿ ಕಾಯ್ದೆಯ 87ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ನೋಂದಣಿ ಅಧಿಕಾರಿ ಸದ್ಭಾವನೆಯಿಂದ ಮಾಡಿದ ಕೆಲಸ, ಅವರ ನೇಮಕದಲ್ಲಿ ಅಥವಾ ಕಾರ್ಯವಿಧಾನದಲ್ಲಿ ದೋಷವಿದೆ ಎಂಬ ಕಾರಣಕ್ಕೇ ಅಸಿಂಧು ಆಗುವುದಿಲ್ಲ.

ಮೇಲಿನ ಅಂಗಡಿಯ ಉದಾಹರಣೆಯನ್ನೇ ಮುಂದುವರಿಸೋಣ. ಸಬ್ ರಿಜಿಸ್ಟ್ರಾರ್ ನೇಮಕ ರದ್ದಾದ ಸುದ್ದಿ ಕೇಳಿ, ಮಾರಿದವರ ತಮ್ಮ ‘ಪತ್ರ ನಡೆಯಲ್ಲ, ಮಳಿಗೆ ಬಿಡಿ’ ಅಂತ ದಾವೆ ಹಾಕಿದ ಎಂದುಕೊಳ್ಳಿ. ಅವನ ಆಕ್ಷೇಪ ನೇಮಕದ್ದಷ್ಟೇ ಆಗಿದ್ದರೆ 87ನೇ ಸೆಕ್ಷನ್ ಅಂಗಡಿಯವರ ಕೈಹಿಡಿಯುತ್ತದೆ. ಆದರೆ ‘ಮಳಿಗೆ ಪಿತ್ರಾರ್ಜಿತ, ನನ್ನ ಪಾಲೂ ಇದೆ, ನಾನು ಸಹಿ ಹಾಕಿಲ್ಲ’ ಅಂದರೆ ಕಥೆ ಬೇರೆ. ಅದು ಮಾರಿದವರ ಹಕ್ಕಿನ ಪ್ರಶ್ನೆ. ಸಹಿ ನಕಲಿ ಅಂದರೂ ಹಾಗೆಯೇ. ಇವನ್ನು ಈ ನಿಯಮ ಸರಿಮಾಡುವುದಿಲ್ಲ.

ಎಲ್ಲಿ ರಕ್ಷಣೆ ಸಿಗಲ್ಲ?

* ಯಾವ ಆದೇಶವೂ ಇಲ್ಲದೆ, ನಕಲಿ ಸೀಲು ಇಟ್ಟುಕೊಂಡು ಅಧಿಕಾರಿ ಅಂತ ನಟಿಸಿದವನ ಕೆಲಸಕ್ಕೆ. ಅವನು ಡಿ ಫ್ಯಾಕ್ಟೋ ಅಧಿಕಾರಿಯಲ್ಲ, ಅತಿಕ್ರಮಿ.
* ಹುದ್ದೆಗೇ ಇಲ್ಲದ ಅಧಿಕಾರ ಚಲಾಯಿಸಿದಾಗ. ಜಿಲ್ಲಾಧಿಕಾರಿಗೆ ಮಾತ್ರ ಇರುವ ಅಧಿಕಾರದಲ್ಲಿ ತಹಶೀಲ್ದಾರ್ ಆದೇಶ ಮಾಡಿದರೆ, ನೇಮಕ ಸರಿಯಿದ್ದರೂ ಆದೇಶ ನಿಲ್ಲುವುದಿಲ್ಲ. ಕೂತವರ ದೋಷವನ್ನು ಈ ನಿಯಮ ಮುಚ್ಚುತ್ತದೆ, ಕುರ್ಚಿಗೆ ಹೊಸ ಅಧಿಕಾರ ಕೊಡುವುದಿಲ್ಲ.
* ನೇಮಕ ರದ್ದಾದ ಮೇಲೂ ಕುರ್ಚಿ ಬಿಡದೆ ಹಾಕಿದ ಸಹಿಗೆ.

ಅಧಿಕಾರಿಯನ್ನು ಪ್ರಶ್ನಿಸೋದು ಹೇಗೆ?

ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ‘ಕೋ ವಾರಂಟೋ’ ರಿಟ್ ಅರ್ಜಿ ಹಾಕಬಹುದು. ‘ಯಾವ ಹಕ್ಕಿನಿಂದ ಈ ಹುದ್ದೆಯಲ್ಲಿದ್ದೀರಿ?’ ಎಂದು ಕೇಳುವ ರಿಟ್ ಇದು. ಉತ್ತರ ಸರಿಯಿಲ್ಲದಿದ್ದರೆ ಅಧಿಕಾರಿ ಹುದ್ದೆ ಬಿಡಬೇಕು. ಜನರ ಹಳೆಯ ಪತ್ರಗಳು ಮಾತ್ರ ಹಾಗೇ ಉಳಿಯುತ್ತವೆ.

ಹಾಗಾಗಿ ನೇಮಕ ರದ್ದಾದ ಸುದ್ದಿ ಬಂದರೆ ಮೊದಲು ನೋಡಬೇಕಾದ್ದು ಎರಡು ದಿನಾಂಕ: ಪತ್ರಕ್ಕೆ ಸಹಿ ಬಿದ್ದ ದಿನ, ನೇಮಕ ರದ್ದಾದ ದಿನ. ಸಹಿ ಮೊದಲು ಬಿದ್ದಿದ್ದರೆ, ಬರೀ ಈ ಕಾರಣಕ್ಕೆ ‘ಮತ್ತೆ ರಿಜಿಸ್ಟರ್ ಮಾಡಿಸಿ’ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡುವ ಮೊದಲು ವಕೀಲರನ್ನು ಕೇಳಿ.