ಬೆಕ್ಕು ಕೆನ್ನೆ ಉಜ್ಜುವುದು ಒಡೆತನಕ್ಕಲ್ಲ

ಬೆಕ್ಕು ಕಾಲಿಗೆ ಕೆನ್ನೆ ಉಜ್ಜಿ ಮೊಣಕಾಲಿಗೆ ಹಣೆ ಗುದ್ದಿದರೆ, ಅದು ನಿಮ್ಮನ್ನು ತನ್ನ ಸೊತ್ತೆಂದು ಗುರುತು ಹಾಕಿಕೊಂಡಿತು ಎಂಬ ವಿವರಣೆ ಈಚೆಗೆ ಎಲ್ಲರ ಬಾಯಲ್ಲಿದೆ. ಪಶುವೈದ್ಯರೂ ಇದನ್ನೇ ಹೇಳುವುದುಂಟು. ಇದರಲ್ಲಿ ಅರ್ಧ ಸತ್ಯವಿದೆ: ಬೆಕ್ಕಿನ ಮುಖದಲ್ಲಿ ಗಂಧಗ್ರಂಥಿಗಳಿವೆ, ಉಜ್ಜಿದಾಗ ಅವುಗಳ ಜಿಡ್ಡು ಎದುರಿಗಿರುವುದಕ್ಕೆ ಅಂಟುತ್ತದೆ. ಆದರೆ ಜಿಡ್ಡು ಅಂಟಿತು ಎನ್ನುವುದರಿಂದ ಅದು ಒಡೆತನದ ಮುದ್ರೆ ಎಂಬ ತೀರ್ಮಾನಕ್ಕೆ ಹಾರುವುದು ಐವತ್ತು ವರ್ಷಗಳ ಅಧ್ಯಯನದ ಒಂದು ಕವಲನ್ನು ಮಾತ್ರ ಓದಿ ಇನ್ನೊಂದನ್ನು ಬದಿಗಿಟ್ಟದ್ದರ ಫಲ. ಆ ಬದಿಗಿಟ್ಟ ಕವಲೇ ಹೆಚ್ಚು ಗಟ್ಟಿಯಾದದ್ದು ಎಂಬುದು ನನ್ನ ವಾದ.

ಆರಂಭದ ಕತೆ ಚಿಕ್ಕದು. ತುಟಿಯ ಅಂಚಿನಲ್ಲಿ, ಗಲ್ಲದ ಕೆಳಗೆ, ಕಣ್ಣು ಮತ್ತು ಕಿವಿಯ ನಡುವೆ ಕೂದಲು ತೆಳುವಾಗಿರುವ ಕಡೆ, ಬಾಲದ ಬುಡದಲ್ಲಿ ಜಿಡ್ಡು ಸುರಿಸುವ ಗ್ರಂಥಿಗಳು ದಟ್ಟವಾಗಿವೆ ಎಂದು ಅಂಗರಚನೆ ಬಲ್ಲವರು ಗುರುತಿಸಿದ್ದರು. ಜರ್ಮನಿಯ ಪಾಲ್ ಲೈಹೌಸೆನ್ 1956ರಲ್ಲಿ ಬೆಕ್ಕಿನ ವರ್ತನೆಯನ್ನು ಕ್ರಮವಾಗಿ ಬರೆದಿಟ್ಟರು. ಅವರ ಬೆಕ್ಕು ಬಹುಮಟ್ಟಿಗೆ ಒಂಟಿ ಬೇಟೆಗಾರ. 1976ರಲ್ಲಿ ನೆದರ್ಲೆಂಡ್ಸ್‌ನ ವರ್ಬರ್ನ್ ಮತ್ತು ಡಿ ಬೂರ್ ಬೆಕ್ಕುಗಳು ವಾಸನೆಯ ಮೂಲಕ ನಡೆಸುವ ಸಂವಹನವನ್ನು ಪ್ರಯೋಗಕ್ಕೆ ಒಡ್ಡಿದರು. ಹೆಣ್ಣಿನ ಕೆನ್ನೆಯ ಸ್ರಾವವನ್ನು ಮೂಸಿಯೇ ಅದು ಬೆದೆಯಲ್ಲಿದೆಯೋ ಇಲ್ಲವೋ ಎಂಬುದನ್ನು ಗಂಡು ಬೇರ್ಪಡಿಸಬಲ್ಲದು ಎಂದು ತೋರಿಸಿದ್ದು ಅವರು. ಕೆನ್ನೆಯ ಜಿಡ್ಡಿನಲ್ಲಿ ಸುದ್ದಿಯಿದೆ ಎಂಬುದು ಆಗಲೇ ಖಚಿತವಾಗಿತ್ತು. ಯಾವ ಸುದ್ದಿ, ಯಾರಿಗೆ ಎಂಬುದಷ್ಟೇ ಉಳಿದಿತ್ತು.

ನಮ್ಮ ತಲೆಮಾರಿನ ಕಣ್ಣು ತೆರೆಸಿದ್ದು ಪ್ರಯೋಗಾಲಯವಲ್ಲ, ಕೊಟ್ಟಿಗೆ. ಆಕ್ಸ್‌ಫರ್ಡಿನ ಡೇವಿಡ್ ಮ್ಯಾಕ್‌ಡೊನಾಲ್ಡ್ ಮತ್ತು ಪೀಟರ್ ಆ್ಯಪ್ಸ್ 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರ ತೋಟದ ಮನೆಯಲ್ಲಿ ಗುಂಪಾಗಿ ಬಾಳುವ ಬೆಕ್ಕುಗಳನ್ನು ಹಿಂಬಾಲಿಸತೊಡಗಿದರು. ಸಂಗಡಿಗರೊಡನೆ ಮ್ಯಾಕ್‌ಡೊನಾಲ್ಡ್ 1987ರಲ್ಲಿ ವಿವರವಾದ ವರದಿ ಪ್ರಕಟಿಸಿದರು. ಅವರು ಮಾಡಿದ ಕೆಲಸ ಕೇಳಲು ಸರಳ: ಯಾವುದು ಯಾವುದಕ್ಕೆ ಮೈ ಉಜ್ಜಿತು ಎಂದು ಪ್ರತಿ ಬಾರಿಯೂ ಬರೆದುಕೊಳ್ಳುವುದು. ಮೈ ನೆಕ್ಕುವುದು ಹೆಚ್ಚುಕಡಿಮೆ ಎರಡೂ ಕಡೆಯಿಂದ ನಡೆಯುತ್ತಿದ್ದರೆ, ಉಜ್ಜುವುದು ಹಾಗಿರಲಿಲ್ಲ. ಮರಿಗಳು ತಾಯಂದಿರಿಗೆ ಉಜ್ಜುತ್ತಿದ್ದವು, ತಾಯಂದಿರು ಮರಿಗಳಿಗೆ ತೀರ ಕಡಿಮೆ. ಹೆಣ್ಣುಗಳು ದೊಡ್ಡ ಗಂಡಿಗೆ ಉಜ್ಜುತ್ತಿದ್ದವು, ಗಂಡು ಅಷ್ಟಾಗಿ ಮರಳಿಸುತ್ತಿರಲಿಲ್ಲ. ಅಂದರೆ ಈ ವರ್ತನೆ ಚಿಕ್ಕದರಿಂದ ದೊಡ್ಡದರ ಕಡೆಗೆ ಹರಿಯುತ್ತದೆ. ಉಜ್ಜುವುದು ಒಡೆತನದ ಮುದ್ರೆಯೇ ಆಗಿದ್ದರೆ ಗುಂಪಿನ ಬಲಶಾಲಿ ಉಳಿದವರ ಮೇಲೆಲ್ಲ ಅದನ್ನು ಒತ್ತುತ್ತ ತಿರುಗಬೇಕಿತ್ತು. ಮರಿಯೊಂದು ತಾಯಿಯನ್ನು ತನ್ನ ಆಸ್ತಿಯೆಂದು ದಾಖಲಿಸುತ್ತಿದೆ ಎನ್ನಬೇಕಾಗುತ್ತಿತ್ತು. ಈ ಒಂದು ಅಸಮತೋಲಕ್ಕೆ ಒಡೆತನದ ಸಿದ್ಧಾಂತದಲ್ಲಿ ಉತ್ತರವಿಲ್ಲ. ಮುಂದೆ ಷಾರ್ಲಟ್ ಕ್ಯಾಮರನ್-ಬೋಮಾಂಟ್ ಸೌತಾಂಪ್ಟನ್ನಿನಲ್ಲಿ, ಉಜ್ಜುವುದಕ್ಕೆ ಮುನ್ನ ಬೆಕ್ಕು ಬಾಲವನ್ನು ನೆಟ್ಟಗೆ ಎತ್ತಿಕೊಂಡು ಬರುತ್ತದೆ, ಅದು ಸ್ನೇಹದ ಸೂಚನೆ ಎಂದು ತೋರಿಸಿದರು. ರೋಮಿನ ಬೀದಿ ಬೆಕ್ಕುಗಳನ್ನು ಗಮನಿಸಿದ ಕಫಾತ್ಸೊ ಮತ್ತು ನಟೋಲಿ 2009ರಲ್ಲಿ, ಬಾಲ ಎತ್ತುವುದು ಹೆಚ್ಚಾಗಿ ಕೆಳಗಿನ ಸ್ಥಾನದ್ದು ಮೇಲಿನದಕ್ಕೆ ಎಂದು ವರದಿ ಮಾಡಿದರು. ಇವನ್ನೆಲ್ಲ ಒಟ್ಟಿಗೆ ಇಟ್ಟು ಓದಿದರೆ, ಬಾಗಿಲಲ್ಲಿ ಬಾಲವೆತ್ತಿ ಬಂದು ಕಾಲಿಗೆ ಕೆನ್ನೆ ಒತ್ತುವ ಬೆಕ್ಕು ತನಗಿಂತ ದೊಡ್ಡದಾದ ಪರಿಚಿತ ಜೀವವನ್ನು ಮಾತನಾಡಿಸುತ್ತಿದೆ ಎಂದೇ ತಿಳಿಯಬೇಕು.

ಇದೇ ಹೊತ್ತಿಗೆ ರಸಾಯನದ ಕವಲು ಬೇರೆ ದಿಕ್ಕಿನಲ್ಲಿ ಬೆಳೆಯಿತು. ಫ್ರಾನ್ಸಿನ ಪಶುವೈದ್ಯ ಪ್ಯಾಟ್ರಿಕ್ ಪಜಾ 1990ರ ದಶಕದಲ್ಲಿ ಮುಖದ ಸ್ರಾವವನ್ನು ಎಫ್1ರಿಂದ ಎಫ್5ರವರೆಗೆ ಐದು ಭಾಗಗಳಾಗಿ ವಿಂಗಡಿಸಿದರು. ಬೆಕ್ಕು ದಿನವೂ ಓಡಾಡುವ ದಾರಿಯ ಕುರ್ಚಿಕಾಲು, ಗೋಡೆಯ ಮೂಲೆಗಳಿಗೆ ಹಚ್ಚುವುದು ಎಫ್3. ಒಡನಾಡಿ ಬೆಕ್ಕಿಗೆ, ಮನುಷ್ಯರಿಗೆ ಹಚ್ಚುವುದು ಎಫ್4. ಗಂಡು ಬೆದೆಯ ಸಂದರ್ಭದಲ್ಲಿ ಬಳಸುವುದು ಎಫ್2. ಮಿಕ್ಕ ಎರಡರ ಕೆಲಸ ಏನೆಂದು ಗೊತ್ತಾಗಲಿಲ್ಲ. ಎಫ್3ರ ಕೃತಕ ರೂಪವೇ ಫೆಲಿವೇ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು, ಅದರೊಂದಿಗೆ ‘ಗುರುತು ಹಾಕುವ ಬೆಕ್ಕು’ ಎಂಬ ಚಿತ್ರವೂ ಮನೆಮನೆಗೆ ಹೋಯಿತು. ಪಜಾ ಅವರ ಕೊಡುಗೆ ದೊಡ್ಡದು. ಆದರೆ ವರ್ಗೀಕರಣ ಮಾಡಿದವರೂ ಪೇಟೆಂಟ್ ಪಡೆದವರೂ ಅವರೇ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. 2010ರಲ್ಲಿ ಫ್ರ್ಯಾಂಕ್ ಮತ್ತು ಸಂಗಡಿಗರು ಇಂಥ ಉತ್ಪನ್ನಗಳ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ, ಬಹುಪಾಲು ಉಪಯೋಗಗಳಿಗೆ ಸಾಕಷ್ಟು ಪುರಾವೆಯಿಲ್ಲವೆಂದರು. ಇನ್ನೊಂದನ್ನೂ ಗಮನಿಸಬೇಕು: ಪಜಾ ಅವರ ಲೆಕ್ಕದಲ್ಲೇ ಕುರ್ಚಿಗೆ ಹಚ್ಚುವುದೂ ಮನುಷ್ಯರಿಗೆ ಹಚ್ಚುವುದೂ ಒಂದೇ ಅಲ್ಲ. ಎರಡನ್ನೂ ‘ಇದು ನನ್ನದು’ ಎಂಬ ಒಂದೇ ಮಾತಿಗೆ ಇಳಿಸಿದ್ದು ಅವರ ಹೆಸರು ಹೇಳಿಕೊಂಡು ಬರೆದವರು.

ಹಾಗಾದರೆ ವಾಸನೆಗೆ ಅರ್ಥವೇ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. 2025ರಲ್ಲಿ ಟೋಕಿಯೊದ ಸಂಶೋಧಕರು 30 ಬೆಕ್ಕುಗಳ ಮುಂದೆ ಸಾಕಿದವರ ಮತ್ತು ಅಪರಿಚಿತರ ಮೈವಾಸನೆಯ ಹತ್ತಿಯನ್ನು ಕೊಳವೆಗಳಲ್ಲಿಟ್ಟಾಗ, ಅಪರಿಚಿತರದ್ದನ್ನು ಅವು ಹೆಚ್ಚು ಹೊತ್ತು ಮೂಸಿದವು. ಮೂಸಿದ ಮೇಲೆ ಕೊಳವೆಗೆ ಮುಖ ಉಜ್ಜಿದ್ದೂ ಉಂಟು. ವಸ್ತುವಿನ ವಿಷಯದಲ್ಲಿ ಗುರುತು ಹಾಕುವ ಮಾತು ಒಪ್ಪುವಂಥದೇ. ಆದರೆ ಮುಖ ಉಜ್ಜಿದ್ದೆಲ್ಲ ಗುರುತಲ್ಲ ಎಂಬುದಕ್ಕೂ ಒಳ್ಳೆಯ ಸಾಕ್ಷಿ ಜಪಾನಿನದೇ. ಮತತಾಬಿ ಬಳ್ಳಿಯ ಎಲೆಗೆ ಬೆಕ್ಕು ಮುಖ ಉಜ್ಜಿ ಹೊರಳಾಡುವುದು ಎಲೆಯಲ್ಲಿನ ನೆಪೆಟಲ್ಯಾಕ್ಟಾಲ್ ಎಂಬ ರಾಸಾಯನಿಕವನ್ನು ತನ್ನ ತುಪ್ಪಳಕ್ಕೆ ಬಳಿದುಕೊಳ್ಳಲು, ಅದರಿಂದ ಸೊಳ್ಳೆ ದೂರವಾಗುತ್ತದೆ ಎಂದು ಮಸಾವೊ ಮಿಯಾಜಾಕಿ ತಂಡ 2021ರಲ್ಲಿ ತೋರಿಸಿತು. ಇಲ್ಲಿ ವಾಸನೆ ಹರಿಯುವುದು ಎಲೆಯಿಂದ ಬೆಕ್ಕಿಗೆ. ಕಾಲಿಗೆ ಉಜ್ಜುವಾಗಲೂ ನಮ್ಮ ವಾಸನೆ ಅದರ ಕೆನ್ನೆಗೆ ಅಂಟದೆ ಇರದು. ಗ್ರಂಥಿ ಇರುವಲ್ಲಿ ನಾವು ಸವರುವುದೂ ಬೆಕ್ಕಿಗೆ ಗುರುತು ಹಾಕುವ ಅವಕಾಶ, ಅದಕ್ಕೇ ಅದು ಇಷ್ಟ ಎಂಬ ವಾದವೂ ಇದೆ. ಹಾಗಿದ್ದರೆ ಗ್ರಂಥಿ ದಟ್ಟವಾಗಿರುವ ಬಾಲದ ಬುಡವನ್ನು ಸವರಿದರೂ ಅದು ಹಿಗ್ಗಬೇಕು. ಸಾರಾ ಎಲ್ಲಿಸ್ ಮತ್ತು ಸಂಗಡಿಗರು 2015ರಲ್ಲಿ ಕಂಡದ್ದು ಇದರ ವಿರುದ್ಧ: ಬೆಕ್ಕುಗಳು ಅತಿ ಹೆಚ್ಚು ಅಸಹನೆ ತೋರಿದ್ದೇ ಬಾಲದ ಬುಡ ಮುಟ್ಟಿದಾಗ. ಮುಖ ಮತ್ತು ಕುತ್ತಿಗೆ ಬೆಕ್ಕುಗಳು ಪರಸ್ಪರ ನೆಕ್ಕುವ ಜಾಗ. ಇಷ್ಟದ ಕಾರಣವನ್ನು ಅಲ್ಲಿ ಹುಡುಕುವುದು ಸರಿ.

ವಸ್ತುವಿಗೆ ಉಜ್ಜುವುದಕ್ಕೂ ಜೀವಕ್ಕೆ ಉಜ್ಜುವುದಕ್ಕೂ ಇರುವ ಈ ಭೇದ ತಿಳಿದರೆ ಮನೆಯಲ್ಲಿ ನಡೆದುಕೊಳ್ಳುವ ರೀತಿ ಬದಲಾಗುತ್ತದೆ. ಬಾಗಿಲ ಚೌಕಟ್ಟಿನ ಅಂಚಿನಲ್ಲಿ, ನೆಲದಿಂದ ಸುಮಾರು ಒಂದು ಗೇಣು ಎತ್ತರದಲ್ಲಿ ಕಂದು ಬಣ್ಣದ ಜಿಡ್ಡಿನ ಕಲೆ ಕಂಡರೆ ಅದು ಬೆಕ್ಕಿನ ಕೆನ್ನೆಯದು. ದಿನವೂ ಅದನ್ನು ಫಿನಾಯಿಲ್ ಹಾಕಿ ತಿಕ್ಕಿದರೆ ಪರಿಚಿತ ದಾರಿಯ ಗುರುತುಗಳನ್ನೇ ಅಳಿಸಿದಂತೆ. ಫಿನಾಲ್ ಇರುವ ದ್ರಾವಣಗಳು ಬೆಕ್ಕಿನ ದೇಹಕ್ಕೆ ವಿಷ ಕೂಡ. ಮನೆ ಬದಲಿಸುವಾಗ ಅದು ಮಲಗಿದ್ದ ಬಟ್ಟೆಯನ್ನು ಒಗೆಯದೆ ಒಯ್ದು ಹೊಸ ಕೋಣೆಯಲ್ಲಿ ಹಾಸಬೇಕು. ಮನೆಗೆ ಎರಡನೆಯ ಬೆಕ್ಕು ಬಂದರೆ ಎರಡನ್ನೂ ಬೇರೆ ಕೋಣೆಗಳಲ್ಲಿಟ್ಟು, ಒಂದರ ಕೆನ್ನೆಗೆ ಮೆಲ್ಲಗೆ ಸವರಿದ ಬಟ್ಟೆಯನ್ನು ಇನ್ನೊಂದರ ಊಟದ ತಟ್ಟೆಯ ಹತ್ತಿರ ಇಡಬೇಕು. ಮೂಸಿ ಸುಮ್ಮನೆ ತಿಂದರೆ ಮುಂದುವರಿಯಬಹುದು; ಬುಸುಗುಟ್ಟಿ ತಟ್ಟೆ ಬಿಟ್ಟು ಹೋದರೆ ಬಟ್ಟೆಯನ್ನು ದೂರ ಸರಿಸಿ ಇನ್ನಷ್ಟು ದಿನ ಕಾಯಬೇಕು. ಉಜ್ಜುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮುನಿಸೆಂದು ಬಿಡದೆ ಹಲ್ಲು, ವಸಡುಗಳನ್ನು ವೈದ್ಯರಿಗೆ ತೋರಿಸಬೇಕು.

ಇಲ್ಲಿ ಉಲ್ಲೇಖಿಸಿದ ಅಧ್ಯಯನಗಳೆಲ್ಲ ಯುರೋಪ್, ಉತ್ತರ ಅಮೆರಿಕ, ಜಪಾನಿನವು. ಮಲ್ಪೆಯ ಬಂದರಿನಲ್ಲಿ, ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಹೆಚ್ಚಿನವು ಸಂತಾನಹರಣವಾಗದ, ಯಾರ ಮನೆಯವೂ ಅಲ್ಲದ ಬೆಕ್ಕುಗಳು ಮೀನಿನ ಬುಟ್ಟಿಯ ಸುತ್ತ ಗುಂಪಾಗಿ ಬದುಕುತ್ತಿವೆ. ಮ್ಯಾಕ್‌ಡೊನಾಲ್ಡ್ ಕೇಳಿದ ಪ್ರಶ್ನೆಗೆ ಇದಕ್ಕಿಂತ ತಕ್ಕ ಜಾಗವಿಲ್ಲ, ಬೇಕಾದದ್ದು ನೋಟುಪುಸ್ತಕ, ದುರ್ಬೀನು, ಬೆಳಗಿನ ಹೊತ್ತು ಇಷ್ಟೇ. ನಮ್ಮ ಪಶುವೈದ್ಯ ಕಾಲೇಜುಗಳ ವಿದ್ಯಾರ್ಥಿಗಳು ಫೆಲಿವೇ ಬಾಟಲಿಯ ಮೇಲಿನ ವಿವರಣೆಯನ್ನು ಬಾಯಿಪಾಠ ಮಾಡುವ ಬದಲು ಅಲ್ಲಿಗೆ ಹೋಗಿ, ಯಾವ ಬೆಕ್ಕು ಮೊದಲು ಬಾಲ ಎತ್ತಿತು, ಯಾವುದು ಯಾವುದಕ್ಕೆ ಉಜ್ಜಿತು, ಎದುರಿನದು ಮರಳಿಸಿತೇ ಎಂದು ಬರೆದುಕೊಳ್ಳಲಿ.