ರೋಲಿಂಗ್ ಹ್ಯಾಶ್: ಶೇಷ ಹೊಂದಿದರೆ ಸಾಲದು

ಉದ್ದ ಬರಹದಲ್ಲಿ ಒಂದು ತುಣುಕನ್ನು ಬೇಗ ಹುಡುಕುವ ಈ ವಿಧಾನವನ್ನು ಮೈಕೇಲ್ ರಾಬಿನ್ ಮತ್ತು ರಿಚರ್ಡ್ ಕಾರ್ಪ್ 1987ರಲ್ಲಿ ಪ್ರಕಟಿಸಿದರು.

ಹಿಂದೂಪುರದ ಪಿನ್ ಕೋಡ್ 515201, ಕಲ್ಯಾಣದುರ್ಗದ್ದು 515761. ಎರಡನ್ನೂ ಜೋಡಿಸಿದ 515201515761 ಎಂಬ ಸಾಲಿನಲ್ಲಿ 761 ಎಲ್ಲಿದೆ ಎಂದು ಹುಡುಕಬೇಕು ಎನ್ನಿ. 761ನ್ನು 7ರಿಂದ ಭಾಗಿಸಿದರೆ ಶೇಷ 5. ಈ ಶೇಷವೇ ಅದರ ಹ್ಯಾಶ್.

ಬಳಿಕ ಸಾಲಿನಲ್ಲಿ ಒಂದೊಂದೇ ಸ್ಥಾನ ಸರಿಯುತ್ತ ಮೂರು ಮೂರು ಅಂಕಿಗಳ ಶೇಷ ನೋಡಲಾಗುತ್ತದೆ. ಮೊದಲ 515ರ ಶೇಷ 4. ಮುಂದಿನ 152ಕ್ಕೆ ಮೊದಲಿನಿಂದ ಲೆಕ್ಕ ಹಾಕಬೇಕಿಲ್ಲ. 100ರ ಶೇಷ 2 ಆದ್ದರಿಂದ ಹೊರಹೋಗುವ 5ರ ಪಾಲು 10. ಅದನ್ನು ಕಳೆದು, ಹತ್ತರಿಂದ ಗುಣಿಸಿ, ಒಳಬರುವ 2ನ್ನು ಕೂಡಿಸಬೇಕು:

```
(4 - 10) × 10 + 2 = -58
-58 + 63 = 5
```

63 ಎಂಬುದು 7ರ ಮಗ್ಗಿಯ ಸಂಖ್ಯೆಯಾದ್ದರಿಂದ ಶೇಷ ಬದಲಾಗದು.

ಶೇಷ ಹೊಂದಿತು, ಆದರೆ 152 ಬೇರೆ, 761 ಬೇರೆ. ಇದೇ ಘರ್ಷಣೆ. ಹಾಗಾಗಿ ಶೇಷ ಹೊಂದಿದಾಗಲೆಲ್ಲ ಅಂಕಿಗೆ ಅಂಕಿ ಹೋಲಿಸಬೇಕು. 152 ಮೊದಲ ಅಂಕಿಯಲ್ಲೇ ಬಿದ್ದುಹೋಗುತ್ತದೆ. ಶೇಷ 5 ಇರುವ 201 ಕೂಡ ಅಷ್ಟೇ. ಕೊನೆಯ 761ರಲ್ಲಿ ಮಾತ್ರ ಮೂರೂ ಅಂಕಿ ಹೊಂದುತ್ತವೆ. ಶೇಷ ಬೇರೆಯಾದಲ್ಲಿ ಹೋಲಿಕೆಯೇ ಬೇಡ.

ಭಾಜಕ 13 ಆಗಿದ್ದರೆ ಈ ಸಾಲಿನಲ್ಲಿ ಒಂದೂ ಘರ್ಷಣೆ ಬರುವುದಿಲ್ಲ. ಅದಕ್ಕೇ ತಂತ್ರಾಂಶಗಳಲ್ಲಿ ದೊಡ್ಡ ಅವಿಭಾಜ್ಯ ಸಂಖ್ಯೆ ಬಳಸುತ್ತಾರೆ. ಆದರೂ ಘರ್ಷಣೆ ಪೂರ್ತಿ ತಪ್ಪದು. ಹೆಚ್ಚಾದರೆ ಹುಡುಕಾಟ ನಿಧಾನವಾಗುತ್ತದೆ, ಆದರೆ ಹೋಲಿಸಿ ನೋಡಿದ ಮೇಲೆ ಉತ್ತರ ತಪ್ಪಾಗುವುದಿಲ್ಲ.