ಹೊಸಾ ಅರಿವಿಯೊಳಗಿನ ಗಂಜಿ, ಸುಣ್ಣದಂಥ ಮಣ್ಣು, ಬಿಡೋ ಬಣ್ಣ

ದೀಪಾವಳಿ ಹತ್ರ ಬಂತಂದ್ರ ನಮ್ಮ ಓಣ್ಯಾಗ ಒಂದು ವಾದ ತಪ್ಪಂಗಿಲ್ಲ. ಹೊಸಾ ಅರಿವಿನ ಒಗದು ಉಡಬೇಕೋ, ಹಂಗ ಅರಿಶಿಣಾ ಹಚ್ಚಿ ಉಡಬೇಕೋ? ನೀರಿಗೆ ಹಾಕಿದ್ರ ಹೊಸತನಾನೇ ಹೋತು ಅಂತಾರ ಹಿರೇರು. ಹಂಗಾದ್ರ ಆ ಹೊಸತನ ಅಂದ್ರೇನು? ಕೈಗೆ ಹತ್ತೋ ಗರಿಗರಿ, ಮೂಗಿಗೆ ಬರೋ ವಾಸನಿ, ಕಣ್ಣಿಗೆ ಕಾಣೋ ಹೊಳಪು. ಈ ಮೂರೂ ಎಲ್ಲಿಂದ ಬಂದಾವ ಅಂತ ಹಿಂದಕ್ಕ ಹೋಗಿ ನೋಡಿದ್ರ ಭಾಳ ದೊಡ್ಡ ಕಥಿ ಸಿಗತೈತಿ.

ಮೊದಲ ಗಂಜಿ ಮಾತು. ಮಗ್ಗದಾಗ ಉದ್ದಕ್ಕ ಇರೋ ನೂಲು ಹಾಸು, ಅಡ್ಡಕ್ಕ ಓಡೋದು ಹೊಕ್ಕು ಅಂತ ನಿಮಗ ಗೊತ್ತೇ ಐತಿ. ಹಾಸಿನ ನೂಲು ಬಿಗಿಯಾಗಿ ನಿಂತು, ಹಣಿಗಿ ಹಲ್ಲಿನ ನಡುವ ಸಾವಿರ ಸಲ ತಿಕ್ಕಿಸಿಕೊಳ್ಳತೈತಿ. ಹಂಗೇ ಬಿಟ್ರ ಎಳಿ ಎಳಿ ಬಿಚ್ಚಿ, ನುಸಿದು ಹರದ ಹೋಗತೈತಿ. ಅದಕ್ಕ ನೇಕಾರ ಮಂದಿ ಹಾಸಿಗೆ ಗಂಜಿ ಹಚ್ಚಿ, ಓಣಿ ತುಂಬಾ ಉದ್ದಕ್ಕ ಎಳದು ಕುಂಚದಿಂದ ತಿದ್ದಿ ಒಣಗಸತಿದ್ರು. ಹೊಕ್ಕಿಗೆ ಅಷ್ಟು ಕಷ್ಟ ಇಲ್ಲ, ಅದಕ್ಕ ಗಂಜಿನೂ ಬೇಕಿಲ್ಲ. ಅಂದ್ರ ಗಂಜಿ ಇರೋದು ಮೋಸಕ್ಕಲ್ಲ, ನೇಯಾಕ. ನೇದ ಮ್ಯಾಲ ಅದರ ಕೆಲಸ ಮುಗೀತು, ಒಗದು ತಗದುಬಿಡಬೇಕು. ಅಕ್ಕಿ ಗಂಜಿಯಾದ್ರ ಒಂದೆರಡು ನೀರಿಗೆ ಹೋಗತಿತ್ತು, ಯಾರಿಗೂ ತ್ರಾಸ ಇರಲಿಲ್ಲ.

ಕಥಿ ಕೆಟ್ಟದ್ದು ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಯೊಳಗ. ಅಲ್ಲಿ ಮೊದಲ ಗೋದಿ ಹಿಟ್ಟು, ದನದ ಕೊಬ್ಬು ಕೂಡಿಸಿ ಗಂಜಿ ಮಾಡತಿದ್ರು. 1853ಕ್ಕ ಕ್ರಿಮಿಯಾ ಯುದ್ಧ ಸುರುವಾಗಿ ರಷ್ಯಾದಿಂದ ಬರೋ ಕೊಬ್ಬು ತುಟ್ಟಿ ಆತು. ಆಗ ಕೊಬ್ಬಿನ ಬದಲಿ ಚೀನಾ ಮಣ್ಣು ಹಾಕಾಕ ಹತ್ತಿದ್ರು. ಪಿಂಗಾಣಿ ಬಟ್ಟಲಾ ಮಾಡತಾರಲ್ಲ, ಅದೇ ಬಿಳೀ ಮಣ್ಣು. ಮುಂದ 1861ರಿಂದ ಅಮೇರಿಕಾದೊಳಗ ಅಂತರ್ಯುದ್ಧ ನಡದು ಅಲ್ಲಿನ ಉದ್ದ ಎಳಿಯ ಹತ್ತಿ ನಿಂತಿತು. ಗಿರಣಿಯವರಿಗೆ ಸಿಕ್ಕಿದ್ದು ನಮ್ಮ ದೇಶದಿಂದ ಹೋದ ಗಿಡ್ಡ ಎಳಿಯ ಹತ್ತಿ. ಗಿಡ್ಡ ಎಳಿ ಬ್ಯಾಗ ಹರೀತೈತಿ, ಅದಕ್ಕ ಗಂಜಿನೂ ಹೆಚ್ಚಿಗೆ ಬೇಕಾತು. ಹತ್ತಿ ತುಟ್ಟಿ, ಮಣ್ಣು ಅಗ್ಗ. ಇನ್ನ ಮುಂದಿನ ಲೆಕ್ಕ ನಿಮಗ ನಾ ಹೇಳಬೇಕಾಗಿಲ್ಲ.

ಆದ್ರೂ ಒಂದು ಸಲ ಲೆಕ್ಕ ಹಾಕೇ ನೋಡೋಣ. ಒಂದು ತಾನಿನೊಳಗ ಹಾಸಿನ ನೂಲು 3 ಪೌಂಡು, ಹೊಕ್ಕಿನ ನೂಲು 3 ಪೌಂಡು ಅಂತ ಇಟ್ಟುಕೋರಿ. ಭಾರಿ ಗಂಜಿ ಮಾಲಿನೊಳಗ ಹಾಸಿನ ತೂಕದಷ್ಟೇ ಗಂಜಿ-ಮಣ್ಣು ಹಾಕೋದೂ ಇತ್ತು. ಅಂದ್ರ ಇನ್ನೊಂದು 3 ಪೌಂಡು. ತಕ್ಕಡ್ಯಾಗ 9 ಪೌಂಡು ಬಂತು, ಆದ್ರ ನೂಲು 6 ಪೌಂಡು ಅಷ್ಟೇ. ಆ ತಾನು ನಮ್ಮ ದೇಶದ ಸಂತ್ಯಾಗ ದಪ್ಪ, ಗಟ್ಟಿ ಅರಿವಿ ಅಂತ ಮಾರಾಟ ಆಗತಿತ್ತು. ಮನಿಗೆ ತಂದು ನೀರಿಗೆ ಹಾಕಿದ್ರ ನೀರು ಹಾಲಿನಂಗ ಬೆಳ್ಳಗಾಗಿ, ಮೂರರಾಗ ಒಂದು ಪಾಲು ಮೋರಿಗೆ ಹೋತು. ಕೈಯಾಗ ಉಳದದ್ದು ಜಾಳಿಯಂಥ ಅರಿವಿ. ಹೆಣ್ಮಕ್ಕಳು ಹೊಸಾದನ್ನ ಒಗಿದೇ ನಂಬಂಗಿಲ್ಲ ಅನ್ನೋದಕ್ಕ ಇದಕ್ಕಿಂತ ಚಲೋ ಕಾರಣ ನನಗ ಕಾಣಲಿಲ್ಲ.

ಇಷ್ಟಕ್ಕ ನಿಲ್ಲಲಿಲ್ಲ. ಮಣ್ಣು ನೂಲಿಗೆ ಹಿಡಕೊಂಡಿರಬೇಕಂದ್ರ ಅರಿವಿ ಹಸೀ ಹಸೀ ಇರಬೇಕು. ಅದಕ್ಕ ಗಾಳ್ಯಾಗಿನ ತೇವಾ ಎಳಕೊಳ್ಳೋ ಮೆಗ್ನೀಸಿಯಂ ಕ್ಲೋರೈಡ್ ಅನ್ನೋ ಉಪ್ಪು ಹಾಕಿದ್ರು. ಹಿಟ್ಟು, ತೇವಾ ಎರಡೂ ಕೂಡಿ ಹಡಗಿನ ಹೊಟ್ಟ್ಯಾಗ ವಾರಗಟ್ಟಲೆ ಕೂತ್ರ ಬೂಸ್ಟು ಬರದೇ ಇರತೈತೇನು? ಬೂಸ್ಟು ಬರಬಾರದಂತ ಸತುವಿನ ಕ್ಲೋರೈಡ್ ಹಾಕಿದ್ರು, ಅದು ವಿಷಾ. ಮೆಗ್ನೀಸಿಯಂ ಉಪ್ಪು ಉಳದ ಅರಿವಿಗೆ ಭಾಳ ಕಾಯಿಸಿದ ಇಸ್ತ್ರಿ ಇಟ್ರ ಆಮ್ಲ ಹುಟ್ಟಿ ನೂಲು ಸುಟ್ಟಂಗ ಜೀರ್ಣ ಆಗತಿತ್ತು. ಮೊದಲ ಒಗಿಬೇಕು, ಆಮ್ಯಾಲ ಇಸ್ತ್ರಿ. ಅಲ್ಲಿ ಕೆಲಸ ಮಾಡೋ ನೇಕಾರರಿಗೂ ಸುಖಾ ಇರಲಿಲ್ಲ. ಆ ಮಣ್ಣಿನ ಧೂಳು, ಉಗಿ ಕುಡದು ಟಾಡ್‌ಮರ್ಡನ್ ಊರಿನ ನೇಕಾರರು ಸರಕಾರಕ್ಕ ದೂರು ಕೊಟ್ರು. 1872ರಾಗ ಡಾಕ್ಟರ್ ಬ್ಯೂಕ್ಯಾನನ್ ಅನ್ನೋರು ಅದರ ಮ್ಯಾಲ ವರದಿ ಬರದ್ರು.

ಇನ್ನ ಬಣ್ಣಕ್ಕ ಬರೋಣ. 1884ರಾಗ ಜರ್ಮನಿಯೊಳಗ ಕಾಂಗೋ ರೆಡ್ ಅನ್ನೋ ಕೆಂಪು ಬಂತು. ಅದಕ್ಕಿಂತ ಮೊದಲ ಹತ್ತಿಗೆ ಕೆಂಪು ಹಿಡಿಸಬೇಕಂದ್ರ ಪಟಿಕಾರ ಹಚ್ಚಿ ದಿನಗಟ್ಟಲೆ ಕೆಲಸ ಇತ್ತು. ಇದು ಹಂಗಲ್ಲ, ಉಪ್ಪು ಹಾಕಿ ಕಾಯಿಸಿದ ಬಣ್ಣದ ನೀರಾಗ ಅದ್ದಿದ್ರ ಮುಗೀತು. ಸಸ್ತಾ, ಕಣ್ಣಿಗೆ ಝಗ್ ಅನ್ನತಿತ್ತು, ಆದ್ರ ನೂಲಿಗೆ ಬರೇ ಆತುಕೊಂಡು ಕೂತಿರತಿತ್ತು. ಒಗದಷ್ಟೂ ಬಿಡತಿತ್ತು, ಆಮ್ಲ ಬಿದ್ರ ನೀಲಿ ಆಗತಿತ್ತು. ಇವತ್ತಿನ ಹತ್ತಿ ಅರಿವಿಗೆ ಹೆಚ್ಚಾಗಿ ಹಾಕೋದು 1956ರಾಗ ಇಂಗ್ಲೆಂಡಿನೊಳಗ ಪೇಟಿಗೆ ಬಂದ ಬ್ಯಾರೆ ಜಾತಿ ಬಣ್ಣ. ಅದು ನೂಲಿನ ಜೋಡಿ ಗಂಟು ಹಾಕಿಕೊಂಡು ಬಿಡತೈತಿ. ಆದ್ರ ಅದರಾಗ ಒಂದು ಪಾಲು ನೂಲಿನ ಬದಲಿ ನೀರಿನ ಜೋಡಿನೇ ಗಂಟು ಹಾಕಿಕೊಂಡು ಕೆಲಸಕ್ಕ ಬಾರದ್ದಾಗತೈತಿ. ಬಣ್ಣ ಹಾಕೋ ಕಾರಖಾನ್ಯಾಗ ಬಿಸಿನೀರಿನೊಳಗ ಅದನ್ನ ಪೂರ್ತಿ ತೊಳದು ಕಳಿಸಬೇಕು. ನೀರು, ಉರುವಲಾ ಉಳಿಸಾಕ ಹೋದ್ರ ಆ ತೊಳಿಯೋ ಕೆಲಸ ನಮ್ಮ ಬಚ್ಚಲಕ್ಕ ಬರತೈತಿ. ಹಿಂಗಾಗಿ ಎರಡು-ಮೂರು ಸಲ ಬಿಟ್ಟು ಆಮ್ಯಾಲ ನಿಂತ ಬಣ್ಣಕ್ಕ ಅಂಜಬ್ಯಾಡ್ರಿ. ಹತ್ತು ಸಲ ಒಗದ್ರೂ ಹಂಗೇ ಬಿಡತಿದ್ರ ಅದು ಹಳೇ ಜಾತಿ ಬಣ್ಣ ಇರಬೇಕು, ಅದನ್ನ ಕಡೀತನಕ ಬ್ಯಾರೇನೇ ಒಗೀರಿ.

ಉಪ್ಪಿನ ನೀರಾಗ ನೆನಸಿದ್ರ ಬಣ್ಣ ಗಟ್ಟಿ ಆಗತೈತಿ ಅಂತ ನಾವೆಲ್ಲಾ ಕೇಳೀವಿ. ಉಪ್ಪು ಬಣ್ಣಾನ ನೂಲಿನ ಕಡೆ ದಬ್ಬತೈತಿ, ಖರೇ. ಆ ಹೊತ್ತಿಗೆ ನೀರು ತಿಳಿ ಕಾಣತೈತಿ. ಆದ್ರ ಸಡ್ಲ ಬಣ್ಣ ಅಲ್ಲೇ ಉಳದು, ಮುಂದಿನ ಸಲ ಬೆವರಿಗೋ ಮಳಿಗೋ ಬಿಡತೈತಿ. ನನಗಂತೂ ಮೊದಲೇ ಬಿಟ್ಟು ಹೋಗಲಿ ಅನಸತೈತಿ.

ನಾನು ಮಾಡೋದು ಹಿಂಗ. ಬಿಳೀ ಅರಿವಿ ಚೂರು ತೋಯಿಸಿ ಹೊಸಾದರ ಒಳಗಿನ ಅಂಚಿಗೆ ಒತ್ತಿ ತಿಕ್ಕತೀನಿ. ಬಣ್ಣ ಹತ್ತಿದ್ರ ಆ ಸೀರಿ ಒಂದೇ ಬುಟ್ಟ್ಯಾಗ, ತುಂಬಾ ನೀರಾಗ, ಹತ್ತು ನಿಮಿಷ ಅಷ್ಟೇ. ನೆನಿಯಾಕ ಬಿಟ್ಟು ಮರತ್ರ ದಡಿ ಬಣ್ಣ ಬಿಳೀ ಮೈಗೆ ಕೂತುಬಿಡತೈತಿ. ನೀರು ತಿಳಿ ಆಗೋತನಕ ಬದಲಿಸಿ, ಮುದ್ದಿ ಮಾಡಿ ಇಡದೇ ತಕ್ಷಣ ನೆರಳಾಗ ಹರವತೀನಿ. ಜರಿ, ರೇಷ್ಮಿ ನಾ ಮುಟ್ಟಂಗಿಲ್ಲ. ಬಣ್ಣಾ ಇಲ್ಲದ ಕೋರಾ ಅರಿವಿಯಾದ್ರ ಬ್ಯಾರೆ. ತಣ್ಣೀರಿಗೆ ಗಂಜಿ ಬರೇ ಉಬ್ಬತೈತಿ, ಕರಗಂಗಿಲ್ಲ. ರಾತ್ರಿಯೆಲ್ಲಾ ನೆನಸಿ, ಬೆಳಗ್ಗೆ ಬಿಸಿನೀರು, ಸಬಕಾರ ಹಾಕಿ ಒಗಿಬೇಕು. ಗಂಜಿ ಹೋತೋ ಇಲ್ಲೋ ಅಂತ ನೋಡಾಕ ಒಣಗಿದ ಮ್ಯಾಲ ಒಂದು ಹನಿ ನೀರು ಬಿಡ್ರಿ, ಗುಂಡಾಗಿ ನಿಲ್ಲದ ತಕ್ಷಣ ಒಳಗ ಇಳೀಬೇಕು. ಗಾಯಕ್ಕ ಹಚ್ಚೋ ಅಯೋಡಿನ್ ಒಂದು ಹನಿ ಮೂಲಿಗೆ ಹಾಕಿದ್ರೂ ತಿಳೀತೈತಿ, ಕಪ್ಪು-ನೀಲಿ ಆದ್ರ ಗಂಜಿ ಇನ್ನೂ ಐತಿ.

ಕೂಸಿನ ಅರಿವಿಗೆ ಮಾತ್ರ ವಾದಾನೇ ಬ್ಯಾಡ. ಸುಕ್ಕು ಬೀಳದಂಗ ಹಾಕೋ ರಾಳದಾಗ ಫಾರ್ಮಾಲ್ಡಿಹೈಡ್ ಇರತೈತಿ, ಎಳೀ ಚರ್ಮಕ್ಕ ಕೆಂಪು ದದ್ದು ಏಳಸತೈತಿ. ಜಪಾನಿನವರು 1973ರಷ್ಟು ಹಿಂದೇನೇ ಕಾಯದೆ ಮಾಡಿ, ಎರಡು ವರ್ಷದೊಳಗಿನ ಕೂಸಿನ ಅರಿವಿಗೆ ಎಲ್ಲಾರಿಗಿಂತ ಬಿಗಿ ಮಿತಿ ಹಾಕಿದ್ರು. ಒಗದ್ರ ಭಾಳಷ್ಟು ಹೋಗತೈತಿ, ಪೂರ್ತಿ ಅಲ್ಲ. ನಮ್ಮ ಬಾಣಂತಿ ಖೋಲ್ಯಾಗ ಅಜ್ಜಿ ಹಳೇ ಸೀರಿ ಹರದು ಕೂಸಿಗೆ ಸುತ್ತತಿದ್ಲಲ್ಲ, ಅದು ನೂರು ಸಲ ಒಗದ ಅರಿವಿ.

ಅರಿಶಿಣದ ಮಾತು ಉಳೀತು. ಹಬ್ಬಕ್ಕ ಎರಡು ದಿನ ಮೊದಲ ಒಗದು ಇಟ್ಟು, ಹಬ್ಬದ ಮುಂಜಾನೆ ಮೂಲಿಗೆ ಅರಿಶಿಣಾ ಹಚ್ರಿ. ಹಚ್ಚಿದ ಮ್ಯಾಲ ಸಬಕಾರ ತಾಗಿಸಿದ್ರ ಆ ಹಳದಿ ಕೆಂಪಾಗತೈತಿ, ಸೀರಿ ಬಣ್ಣ ಬಿಡ್ತು ಅಂತ ಅಂಗಡಿಯವನ ಜೋಡಿ ಜಗಳಕ್ಕ ಹೋಗಬ್ಯಾಡ್ರಿ ಮತ್ತ.